ಎಣ್ಣೆ ಹಗುರ, ಅದಕ್ಕೇ ಬೆರೆಯಲ್ಲ ಅನ್ನುವವರಿಗೆ ಒಂದು ಬಾಟಲಿ ಪ್ರಯೋಗ

ಎಣ್ಣೆ ನೀರಿನಲ್ಲಿ ಯಾಕೆ ಬೆರೆಯುವುದಿಲ್ಲ ಎಂದು ಕೇಳಿ ನೋಡಿ. "ಹಗುರ ಅಲ್ವಾ, ಅದಕ್ಕೇ" ಎಂಬ ಉತ್ತರ ಥಟ್ಟನೆ ಬರುತ್ತದೆ. ಆದರೆ ಆಲ್ಕೋಹಾಲ್ ಎಣ್ಣೆಗಿಂತಲೂ ಹಗುರ. ಅದು ನೀರಿಗೆ ಬಿದ್ದ ಮೇಲೆ ಹುಡುಕಿದರೂ ಸಿಗುವುದಿಲ್ಲ! ತೇಲುವುದು ಬೇರೆ, ಬೆರೆಯುವುದು ಬೇರೆ. ಒಂದು ಬಾಟಲಿಯಲ್ಲಿ ಎರಡನ್ನೂ ಬಿಡಿಸಿ ನೋಡೋಣ.

ಬೇಕಾದದ್ದು: ಮುಚ್ಚಳವಿರುವ, ಕಿರಿದಾದ ಪಾರದರ್ಶಕ ಬಾಟಲಿ, 70% ಐಸೋಪ್ರೊಪೈಲ್ ಆಲ್ಕೋಹಾಲ್, ನೀರು, ಉಪ್ಪು, ಒಂದು ಪರ್ಮನೆಂಟ್ ಮಾರ್ಕರ್, ಒಂದು ಚಮಚ ಅಡುಗೆ ಎಣ್ಣೆ. ಆಲ್ಕೋಹಾಲ್ ಕೊಳ್ಳುವಾಗ ಲೇಬಲ್ ಓದಿ. ಸ್ಯಾನಿಟೈಜರ್ ಜೆಲ್ ಬೇಡವೇ ಬೇಡ. ಅದರಲ್ಲಿರುವ ಅಂಟು ಎಲ್ಲವನ್ನೂ ಕಲಸುಮೇಲೋಗರ ಮಾಡುತ್ತದೆ. ಎಥನಾಲ್ ಕೂಡ ಬೇಡ, ಅಡುಗೆ ಉಪ್ಪು ಹಾಕಿದರೂ ಅದು ನೀರಿನಿಂದ ಬೇರ್ಪಡಲು ಜಗ್ಗುವುದಿಲ್ಲ. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಬೆಂಕಿ ಇರಬಾರದು.

ಹಂತ 1. ಬಾಟಲಿಗೆ 60 ಮಿ.ಲೀ. ಆಲ್ಕೋಹಾಲ್ ಹಾಕಿ. ಪುಟ್ಟ ಪ್ಲಾಸ್ಟಿಕ್ ತುಂಡಿನ ಮೇಲೆ ಮಾರ್ಕರ್‌ನಿಂದ ದಟ್ಟವಾಗಿ ಗೀಚಿ ಒಳಗೆ ಬಿಟ್ಟು ಅಲುಗಾಡಿಸಿ. ಬಣ್ಣ ಬಿಟ್ಟ ಮೇಲೆ ತುಂಡನ್ನು ತೆಗೆಯಿರಿ.

ಹಂತ 2. 20 ಮಿ.ಲೀ. ನೀರು ಸುರಿದು ಕುಲುಕಿ. ಗೆರೆ ಇಲ್ಲ, ಪದರವಿಲ್ಲ, ಎಲ್ಲ ಒಂದೇ. ನೀರಿನ ಅಣುವಿನಲ್ಲಿ ಆಕ್ಸಿಜನ್ ಇರುವ ಕಡೆ ತುಸು ಋಣ ವಿದ್ಯುದಂಶ, ಹೈಡ್ರೋಜನ್ ಇರುವ ಕಡೆ ತುಸು ಧನ ವಿದ್ಯುದಂಶ. ಇಂಥ ಅಣುವನ್ನೇ ಧ್ರುವೀಯ ಅನ್ನುವುದು. ಒಂದರ ಹೈಡ್ರೋಜನ್ ಪಕ್ಕದ್ದರ ಆಕ್ಸಿಜನ್ನಿಗೆ ಕೈ ಚಾಚುತ್ತದೆ, ಅದು ಹೈಡ್ರೋಜನ್ ಬಂಧ. ಆಲ್ಕೋಹಾಲಿನ ಒಂದು ತುದಿಯಲ್ಲೂ ಅಂಥದೇ OH ಇದೆ. ಹಾಗಾಗಿ ನೀರು ಅದನ್ನು ಬಳಗಕ್ಕೆ ಸೇರಿಸಿಕೊಳ್ಳುತ್ತದೆ. ಉಳಿದ ಭಾಗ ಎಣ್ಣೆಯ ಜಾತಿಯದೇ, ಆದರೆ ಚಿಕ್ಕದು. ಈ ಇಂಗಾಲದ ಬಾಲ ಉದ್ದವಾದಷ್ಟೂ ನೀರಿನ ಜೊತೆಗಿನ ನಂಟು ಸಡಿಲ. ನಾಲ್ಕು ಇಂಗಾಲವಿರುವ ಸಾಮಾನ್ಯ ಬ್ಯೂಟನಾಲ್ ಎಂಬ ಆಲ್ಕೋಹಾಲ್ ನೀರಿನಲ್ಲಿ ಸ್ವಲ್ಪವಷ್ಟೇ ಕರಗುತ್ತದೆ.

ಹಂತ 3. ಹೆಚ್ಚಿನವರು ಕೈಸೋಲುವುದು ಇಲ್ಲೇ. ಒಂದು ಚಮಚ ಉಪ್ಪು ಹಾಕಿ, ಎರಡು ಸಲ ಕುಲುಕಿ, "ಏನೂ ಆಗಲಿಲ್ಲ" ಎಂದು ಬಾಟಲಿ ಚೆಲ್ಲಿಬಿಡುತ್ತಾರೆ. ಉಪ್ಪು ಧಾರಾಳವಾಗಿ ಬೇಕು. ಮೂರು ನಾಲ್ಕು ಟೀ ಚಮಚ, ಒಂದೊಂದಾಗಿ. ಪ್ರತಿ ಸಲವೂ ಮುಚ್ಚಳ ಬಿಗಿದು ಅರ್ಧ ನಿಮಿಷ ಜೋರಾಗಿ ಕುಲುಕಿ. ತಳದಲ್ಲಿ ಕರಗದ ಉಪ್ಪು ತುಸು ಉಳಿಯುವವರೆಗೆ ನಿಲ್ಲಿಸಬೇಡಿ. ನಾನಂತೂ ಕಲ್ಲುಪ್ಪನ್ನೇ ಕುಟ್ಟಿ ಬಳಸುತ್ತೇನೆ. ಪ್ಯಾಕೆಟ್ಟಿನ ನುಣ್ಣನೆ ಉಪ್ಪಿನಲ್ಲಿ ಗಂಟು ಕಟ್ಟದಿರಲೆಂದು ಬೆರೆಸಿರುವ ಪುಡಿ ಕರಗದೆ ನೀರನ್ನು ಮಬ್ಬು ಮಾಡುತ್ತದೆ, ಗೆರೆ ಕಾಣುವುದಿಲ್ಲ.

ಈಗ ಬಾಟಲಿಯನ್ನು ಮೇಜಿನ ಮೇಲಿಟ್ಟು ಕಣ್ಣನ್ನು ಅದರ ಮಟ್ಟಕ್ಕೆ ತನ್ನಿ. ಮೊದಲು ಒಳಗೆಲ್ಲ ಮಂಜು ಮುಸುಕಿದಂತೆ ಇರುತ್ತದೆ. ಅದು ಬೇರ್ಪಡುತ್ತಿರುವ ಆಲ್ಕೋಹಾಲಿನ ಸಣ್ಣ ಹನಿಗಳು. ಅವು ಮೇಲೇರಿ ಕೂಡಿಕೊಳ್ಳಲು ಕೆಲವು ನಿಮಿಷ ಬಿಡಿ. ನಡುವೆ ಕೂದಲೆಳೆಯಂಥ ಗೆರೆ ಮೂಡಿ, ಮಾರ್ಕರಿನ ಬಣ್ಣ ಮೇಲಿನ ಪದರದಲ್ಲಿ ಗಾಢವಾಗುತ್ತದೆ. ಗೆರೆಯೋ ಗಾಜಿನ ಹೊಳಪೋ ಎಂಬ ಅನುಮಾನವಿದ್ದರೆ ಬಾಟಲಿಯನ್ನು ಮೆಲ್ಲಗೆ ಓರೆ ಮಾಡಿ. ನಿಜವಾದ ಗೆರೆ ನೀರಿನ ಮಟ್ಟದಂತೆ ಸಮತಲಕ್ಕೆ ಮರಳುತ್ತದೆ. ಬರಲೇ ಇಲ್ಲವೆಂದರೆ ಉಪ್ಪು ಸಾಲದು, ಇಲ್ಲವೇ ನೀರು ವಿಪರೀತವಾಗಿದೆ.

ಆಗಿದ್ದೇನು? ಉಪ್ಪು ಕರಗಿದಾಗ ಧನ ಸೋಡಿಯಂ, ಋಣ ಕ್ಲೋರೈಡ್ ಎಂಬ ಅಯಾನುಗಳಾಗಿ ಬಿಡಿಬಿಡಿಯಾಗುತ್ತದೆ. ಇವುಗಳ ಸೆಳೆತ ಹೈಡ್ರೋಜನ್ ಬಂಧಕ್ಕಿಂತ ಬಲು ಜೋರು. ನೀರಿನ ಅಣುಗಳು ಅವನ್ನು ಸುತ್ತುವರಿದು ನಿಲ್ಲುತ್ತವೆ, ಆಲ್ಕೋಹಾಲಿಗೆ ಕೈಕೊಡಲು ಬಿಡುವಾಗಿರುವ ನೀರು ಕಡಿಮೆಯಾಗುತ್ತದೆ. ಆಲ್ಕೋಹಾಲ್ ಹೊರಬೀಳುತ್ತದೆ. ಎರಡೂ ನೀರಿನ ನೆಂಟರೇ, ಆದರೆ ಹತ್ತಿರದ ನೆಂಟ ಬಂದಾಗ ದೂರದವನು ಎದ್ದು ಹೊರಡಬೇಕಾಯಿತು. ಒಂದು ಮಾತು: ಮೇಲಿನ ಪದರ ಶುದ್ಧ ಆಲ್ಕೋಹಾಲ್ ಅಲ್ಲ, ಅದರಲ್ಲಿ ಇನ್ನೂ ನೀರಿದೆ. ಹೀಗೆ ಶುದ್ಧ ಮಾಡಬಹುದು ಎಂಬ ವಿಡಿಯೊಗಳನ್ನು ನಂಬಬೇಡಿ.

ಹಂತ 4. ಬಾಟಲಿಯ ಗೋಡೆಗುಂಟ ಎಣ್ಣೆಯನ್ನು ನಿಧಾನ ಇಳಿಬಿಡಿ. ಎಣ್ಣೆಯ ಅಣುವಿನ ಉದ್ದನೆ ಬಾಲಗಳಲ್ಲಿ ನೀರು ಹಿಡಿದುಕೊಳ್ಳಲು ಏನೂ ಇಲ್ಲ. "ನೀರಿಗೆ ಎಣ್ಣೆ ಕಂಡರಾಗದು" ಎಂಬುದು ಸುಳ್ಳು, ಇಬ್ಬರ ನಡುವೆಯೂ ಅಲ್ಪಸ್ವಲ್ಪ ಸೆಳೆತ ಉಂಟು. ನೀರು ತನ್ನ ಕೈಹಿಡಿದ ಬಳಗವನ್ನು ಅದಕ್ಕಾಗಿ ಬಿಡಿಸಿಕೊಳ್ಳುವುದಿಲ್ಲ ಅಷ್ಟೇ. ನೀರಿರುವ ಈ ಆಲ್ಕೋಹಾಲಿಗೂ ಅಡುಗೆ ಎಣ್ಣೆ ಅಷ್ಟಾಗಿ ಕರಗುವುದಿಲ್ಲ.

ಎಣ್ಣೆ ಎಲ್ಲಿ ನಿಲ್ಲುತ್ತದೆ ನೋಡಿ. ಬಣ್ಣದ ಆಲ್ಕೋಹಾಲನ್ನು ಸೀಳಿಕೊಂಡು ಕೆಳಗಿಳಿದು, ಉಪ್ಪುನೀರಿನ ಮೇಲೆ ಹಳದಿ ಪಟ್ಟಿಯಾಗಿ ಕೂರುತ್ತದೆ. "ಹಗುರ" ಎಂದವರಿಗೆ ಆ ಬಾಟಲಿ ತೋರಿಸಿ.