ಸಂಪ್‌ನ ಸೋರಿಕೆ ಸಿಕ್ಕಿದ್ದು ಹೀಗೆ: ಕಾರ್ಯದರ್ಶಿಯಾಗಿ ನನ್ನ ಅನುಭವ

ಆತ್ಮೀಯ ನಿವಾಸಿಗಳೆ,

ಕಳೆದ ಭಾನುವಾರದ ಸರ್ವ ಸದಸ್ಯರ ಸಭೆಯೊಂದಿಗೆ ನನ್ನ ಎರಡು ವರ್ಷಗಳ ಅವಧಿ ಮುಗಿದಿದೆ. ಲೆಕ್ಕಪತ್ರ, ಬಾಕಿ, ಲಿಫ್ಟ್, ಭದ್ರತೆ ಇವೆಲ್ಲದರ ವಿವರ ಖಜಾಂಚಿಯವರ ವರದಿಯಲ್ಲಿ ಬಂದಿರುವುದರಿಂದ ಇಲ್ಲಿ ಅದನ್ನು ಮತ್ತೆ ಹೇಳುವುದಿಲ್ಲ. ನೀರಿನ ವಿಷಯವನ್ನು ಮಾತ್ರ ನಾನೇ ಬರೆದಿಡಬೇಕೆಂದು ಕುಳಿತಿದ್ದೇನೆ. ರಾತ್ರಿ ಎದ್ದು ಕೋಲಿನಿಂದ ನೀರು ಅಳೆದರೆ ಸೋರಿಕೆ ಸಿಗುತ್ತದೆಯೇ ಎಂದು ಸಮಿತಿಯೊಳಗೇ ಹಲವರು ಕೇಳಿದ್ದರು. ಸೋರಿಕೆ ಸಿಕ್ಕಿತು, ಆದರೆ ಮೊದಲು ಎರಡು ಬಾರಿ ನಾನು ತಪ್ಪು ದಾರಿ ಹಿಡಿದಿದ್ದೆ.

ನಾನು ಅಧಿಕಾರ ವಹಿಸಿಕೊಂಡಾಗ ನಮ್ಮ 96 ಮನೆಗಳಿಗೆ ದಿನಕ್ಕೆ ಸರಾಸರಿ ನಾಲ್ಕು ಟ್ಯಾಂಕರ್ ಬರುತ್ತಿದ್ದವು. ಒಂದೊಂದರಲ್ಲೂ ಸುಮಾರು 6,000 ಲೀಟರ್ ನೀರು. ಬಳಕೆ ಅತಿಯಾಗಿದೆ ಎಂದು ಒಂದು ಪಕ್ಷ, ಟ್ಯಾಂಕರಿನವರು ಕಡಿಮೆ ನೀರು ಕೊಡುತ್ತಿದ್ದಾರೆ ಎಂದು ಇನ್ನೊಂದು ಪಕ್ಷ, ಹೀಗೆ ವಾದ ನಡೆದೇ ಇತ್ತು. ಸಂಪ್‌ನ ನೆಲದಲ್ಲಿ ಬಿರುಕಿದೆ ಎಂದು ಒಂದು ಏಜೆನ್ಸಿ ಬರೆದುಕೊಟ್ಟ ವರದಿಯನ್ನು ನಂಬಿ, ಮೊದಲ ಮೂರು ತಿಂಗಳೊಳಗೇ ನಾವು ನೆಲಕ್ಕೆಲ್ಲ ವಾಟರ್‌ಪ್ರೂಫಿಂಗ್ ಮಾಡಿಸಿದೆವು. ಆ ಕಾಗದಕ್ಕೆ ಸಹಿ ಹಾಕಿದವನು ನಾನೇ. ಒಂದೂವರೆ ತಿಂಗಳ ಟ್ಯಾಂಕರ್ ಖರ್ಚಿನಷ್ಟು ಹಣ ಕಾರ್ಪಸ್ ಫಂಡಿನಿಂದ ಹೋಯಿತು. ಕೆಲಸ ಮುಗಿದ ಮೇಲೆ ಏಜೆನ್ಸಿಯವರು ಸಂಪ್ ಅನ್ನು ಅರ್ಧ ಮಾತ್ರ ತುಂಬಿಸಿ ಎರಡು ದಿನ ಬಿಟ್ಟು ನೋಡಿದರು, ಮಟ್ಟ ಇಳಿಯಲಿಲ್ಲ, ಸೋರಿಕೆ ನಿಂತಿತೆಂದು ನಾವು ಪೂರ್ತಿ ಹಣ ಪಾವತಿ ಮಾಡಿದೆವು. ಅರ್ಧ ತುಂಬಿಸಿ ನೋಡಿದ ಆ ಪರೀಕ್ಷೆಯೇ ನಮ್ಮನ್ನು ಮೋಸಗೊಳಿಸಿತ್ತು ಎಂಬುದು ತಿಳಿಯಲು ನನಗೆ ಮತ್ತೆ ಎಂಟು ತಿಂಗಳು ಬೇಕಾಯಿತು. ಟ್ಯಾಂಕರ್‌ಗಳ ಸಂಖ್ಯೆಯಂತೂ ಒಂದೂ ಕಡಿಮೆಯಾಗಲಿಲ್ಲ.

ಆಗ ನಾನೇ ಅಳೆಯಲು ನಿರ್ಧರಿಸಿದೆ. ರಾತ್ರಿ ಒಂದು ಗಂಟೆಗೆ ಎಲ್ಲ ಪಂಪ್‌ಗಳನ್ನು ನಿಲ್ಲಿಸಿ, ಸಂಪ್‌ಗೆ ನೀರು ಬರುವ ಎಲ್ಲ ವಾಲ್ವ್‌ಗಳನ್ನು ಮುಚ್ಚಿ, ಒಂದೂವರೆಗೆ ಒಮ್ಮೆ, ನಾಲ್ಕೂವರೆಗೆ ಮತ್ತೊಮ್ಮೆ ಸಂಪ್ ಮತ್ತು ನಾಲ್ಕೂ ಬ್ಲಾಕ್‌ಗಳ ಓವರ್‌ಹೆಡ್ ಟ್ಯಾಂಕ್‌ಗಳ ಮಟ್ಟವನ್ನು ಬರೆದುಕೊಳ್ಳುವುದು, ಇಷ್ಟೇ ಕ್ರಮ. ನಮ್ಮ ಸಂಪ್ 8 ಮೀಟರ್ ಉದ್ದ, 5 ಮೀಟರ್ ಅಗಲ ಇರುವುದರಿಂದ ಅಲ್ಲಿ ಒಂದು ಸೆಂಟಿಮೀಟರ್ ಎಂದರೆ 400 ಲೀಟರ್. ಓವರ್‌ಹೆಡ್ ಟ್ಯಾಂಕ್‌ಗಳು 4 ಮೀಟರ್‌ಗೆ 3 ಮೀಟರ್, ಆದ್ದರಿಂದ ಅಲ್ಲಿ ಒಂದು ಸೆಂಟಿಮೀಟರ್ ಎಂದರೆ 120 ಲೀಟರ್. ಸಂಪ್‌ನಲ್ಲಿ ಒಂದು ಮಿಲಿಮೀಟರ್ ತಪ್ಪಿದರೂ 40 ಲೀಟರ್ ಲೆಕ್ಕ ತಪ್ಪುತ್ತದೆ. ಟೇಪನ್ನು ನೀರಿಗೆ ಇಳಿಬಿಟ್ಟರೆ ಒದ್ದೆಯ ಗೆರೆ ಮೇಲಕ್ಕೇರಿ ಸುಳ್ಳು ಅಳತೆ ಕೊಡುತ್ತದೆ. ಅರ್ಧ ಮಿಲಿಮೀಟರ್‌ವರೆಗೆ ಸರಿಯಾಗಿ ಓದಲು ನಾನು ಮಾಡಿಕೊಂಡ ಕೋಲಿನ ರಚನೆ ಡೈರಿಯಲ್ಲಿದೆ. ಅದನ್ನು ಹೊಸ ಕಾರ್ಯದರ್ಶಿಯವರಿಗೆ ಕೈಯಲ್ಲಿ ಹಿಡಿಸಿಯೇ ತೋರಿಸುತ್ತೇನೆ, ಇಲ್ಲಿ ಬರೆಯುವುದಿಲ್ಲ.

ಮೊದಲ ರಾತ್ರಿಯ ಫಲಿತಾಂಶ ಸ್ಪಷ್ಟವಾಗಿಯೇ ಕಂಡಿತು. ಎ, ಬಿ ಮತ್ತು ಡಿ ಬ್ಲಾಕ್‌ಗಳ ಟ್ಯಾಂಕ್‌ಗಳು ಎರಡೆರಡು ಸೆಂಟಿಮೀಟರ್ ಇಳಿದಿದ್ದವು. 24 ಮನೆಗಳು ರಾತ್ರಿ ಮೂರು ಗಂಟೆಗಳಲ್ಲಿ ಅಷ್ಟು ನೀರು ಬಳಸುವುದು ಸಹಜ. ಸಿ ಬ್ಲಾಕ್‌ನ ಟ್ಯಾಂಕ್ ಮಾತ್ರ 9 ಸೆಂಟಿಮೀಟರ್ ಇಳಿದಿತ್ತು. ಸಂಪ್ ಒಂದು ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಸಂಪ್ ಸರಿಯಾಗಿದೆ, ದೋಷವೆಲ್ಲ ಸಿ ಬ್ಲಾಕ್‌ನ ಮನೆಗಳ ಒಳಗಿದೆ ಎಂದು ನಾನು ಮರುದಿನವೇ ಸಮಿತಿಗೆ ತಿಳಿಸಿದೆ. ಆ ಬ್ಲಾಕ್‌ನ ನಿವಾಸಿಗಳಿಗೆ ಇದರಿಂದ ನೋವಾಯಿತು. ಸಭೆಯಲ್ಲಿ ಕ್ಷಮೆ ಕೇಳಿದ್ದೇನೆ, ಇಲ್ಲಿ ಮತ್ತೊಮ್ಮೆ ಕೇಳುತ್ತೇನೆ.

ಪ್ಲಂಬರ್ ಜೊತೆ ಸಿ ಬ್ಲಾಕ್‌ನ ಮನೆ ಮನೆಗೂ ಹೋಗಿ ಫ್ಲಶ್ ಟ್ಯಾಂಕ್‌ಗಳಿಗೆ ಅಡುಗೆಯ ಬಣ್ಣ ಹಾಕಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಟ್ಟು ನೋಡಿದೆವು. ಕಮೋಡಿನೊಳಗೆ ಬಣ್ಣ ಇಳಿದಿದ್ದರೆ ಒಳಗಿನ ವಾಷರ್ ಸವೆದಿದೆ ಎಂದು ಅರ್ಥ. ಅಂಥವು ಆರೇಳು ಸಿಕ್ಕವು. ಎಲ್ಲ ವಾಷರ್‌ಗಳನ್ನೂ ಬದಲಿಸಿ ಮತ್ತೆ ರಾತ್ರಿ ಅಳೆದಾಗ ಇಳಿತ 9ರಿಂದ 7 ಸೆಂಟಿಮೀಟರ್‌ಗೆ ಬಂದಿತ್ತು. ದಿನಕ್ಕೆ ಹೆಚ್ಚುಕಡಿಮೆ 1,900 ಲೀಟರ್ ಉಳಿತಾಯವಾದದ್ದು ನಿಜ. ಆದರೂ ಉಳಿದ ಬ್ಲಾಕ್‌ಗಳಿಗಿಂತ ಐದು ಸೆಂಟಿಮೀಟರ್ ಹೆಚ್ಚಿನ ಇಳಿತಕ್ಕೆ ಕಾರಣ ಸಿಗಲಿಲ್ಲ. ಪೈಪ್‌ಗಳು ಇಳಿಯುವ ಶಾಫ್ಟ್‌ನಲ್ಲಿ ಎಲ್ಲಿಯೂ ತೇವವಿರಲಿಲ್ಲ. ಮೂರು ಗಂಟೆಯಲ್ಲಿ 600 ಲೀಟರ್ ನೀರು ಎಲ್ಲಿಯೂ ಒದ್ದೆ ಮಾಡದೆ ಹೋಗಲು ಸಾಧ್ಯವಿಲ್ಲ.

ಇದೇ ಸಮಯದಲ್ಲಿ ನಲ್ಲಿಗಳ ತುದಿಗೆ ಗಾಳಿ ಬೆರೆಸುವ ಜಾಲರಿಗಳನ್ನು ಹಾಕಿ ನೋಡೋಣವೆಂದು ಹತ್ತು ಮನೆಗಳಲ್ಲಿ ಪ್ರಯೋಗ ಮಾಡಿದ್ದೆವು. ಪಾತ್ರೆ ತೊಳೆಯುವ ಮತ್ತು ಕೈ ತೊಳೆಯುವ ನಲ್ಲಿಗಳಲ್ಲಿ ಅದು ಉಪಯುಕ್ತ. ಬಕೆಟ್ ತುಂಬಿಸುವ ನಲ್ಲಿಗೆ ಹಾಕಿದರೆ ಸಮಯ ಹೆಚ್ಚಾಗುತ್ತದೆಯೇ ಹೊರತು ನೀರು ಉಳಿಯುವುದಿಲ್ಲ. ಪ್ರಯೋಗ ಅಲ್ಲಿಗೇ ನಿಂತಿತು.

ನಿಜವಾದ ಸುಳಿವು ಕೊಟ್ಟವರು ನಮ್ಮ ಪಂಪ್ ಆಪರೇಟರ್. ಒಂದು ರಾತ್ರಿ ಅಳತೆ ಮುಗಿಸಿ ಮುಚ್ಚಳ ಹಾಕುವಾಗ ಅವರು, "ಸಾರ್, ಪಂಪ್ ನಿಲ್ಲಿಸಿ ಮೂರು ಗಂಟೆ ಆಯ್ತು. ಸಂಪ್ ಒಳಗೆ ಇನ್ನೂ ನೀರು ಓಡಾಡೋ ಸದ್ದು ಬರ್ತಿದೆ, ಕೇಳಿ" ಎಂದರು. ಇಬ್ಬರೂ ಮೊಣಕಾಲೂರಿ ಕಿವಿಗೊಟ್ಟೆವು. ಸಿ ಬ್ಲಾಕ್‌ನ ಪಂಪ್ ಇರುವ ಕಡೆಯಿಂದ ಸಣ್ಣಗೆ, ನಿಲ್ಲದೆ, ನೀರು ಹರಿಯುವ ಸದ್ದು ಬರುತ್ತಿತ್ತು. ಆ ಪಂಪ್‌ನಿಂದ ಮೇಲಕ್ಕೆ ಹೋಗುವ ಲೈನ್‌ನ ಗೇಟ್ ವಾಲ್ವ್ ಮುಚ್ಚಿದ ಕೂಡಲೇ ಸದ್ದು ನಿಂತಿತು.

ಮೇಲಿನಿಂದ ನೀರು ಹಿಂದಕ್ಕೆ ಇಳಿಯುತ್ತಿತ್ತು. ಪಂಪ್‌ನಿಂದ ಬರುವ ಪೈಪ್ ಓವರ್‌ಹೆಡ್ ಟ್ಯಾಂಕ್‌ನಲ್ಲಿ ನೀರಿನ ಮಟ್ಟಕ್ಕಿಂತ ಮೇಲೆಯೇ ಬಾಯಿ ಬಿಟ್ಟಿದ್ದರೆ ಹೀಗಾಗುವುದಿಲ್ಲ. ಆದರೆ ನೀರು ಬೀಳುವ ಸದ್ದು ಮೇಲಿನ ಮಹಡಿಯವರಿಗೆ ತೊಂದರೆ ಕೊಡುತ್ತದೆಂದು ಹಿಂದೆ ಯಾವಾಗಲೋ ಆ ಪೈಪ್‌ಗೆ ತುಂಡು ಸೇರಿಸಿ ಟ್ಯಾಂಕ್‌ನ ತಳದವರೆಗೆ ಇಳಿಸಿದ್ದರು. ಕೆಳಗೆ, ಮೇಲೇರಿದ ನೀರು ಹಿಂದಕ್ಕೆ ಬರದಂತೆ ತಡೆಯಬೇಕಾದ ನಾನ್ ರಿಟರ್ನ್ ವಾಲ್ವ್ ಸವೆದಿತ್ತು, ಬಿಚ್ಚಿದಾಗ ಅದರ ರಬ್ಬರ್ ಸೀಟಿನಲ್ಲಿ ಕಡಲೆ ಗಾತ್ರದ ಕಲ್ಲೊಂದು ಸಿಕ್ಕಿಕೊಂಡಿತ್ತು. ಇವೆರಡೂ ಸೇರಿ ಪಂಪ್ ನಿಂತಾಗಲೆಲ್ಲ ಟ್ಯಾಂಕ್‌ನ ನೀರನ್ನು ಸಂಪ್‌ಗೆ ಮರಳಿ ಎಳೆಯುತ್ತಿದ್ದವು. ಈ ನೀರು ನಷ್ಟವಾಗುತ್ತಿರಲಿಲ್ಲ, ಆದರೆ ಅದೇ ನೀರನ್ನು ಮತ್ತೆ ಮೇಲೇರಿಸಲು ವಿದ್ಯುತ್ ವ್ಯರ್ಥವಾಗುತ್ತಿತ್ತು. ವಾಲ್ವ್ ಬದಲಿಸಿ, ಟ್ಯಾಂಕ್‌ನೊಳಗೆ ನೀರಿನ ಮಟ್ಟಕ್ಕಿಂತ ಮೇಲೆ ಪೈಪ್‌ನಲ್ಲಿ ಪೆನ್ಸಿಲ್ ದಪ್ಪದ ರಂಧ್ರ ಕೊರೆಸಿದೆವು. ಆ ರಂಧ್ರದಿಂದ ಗಾಳಿ ಒಳಹೋಗುವುದರಿಂದ ಮುಂದೆ ವಾಲ್ವ್ ಕೆಟ್ಟರೂ ನೀರು ಹಿಂದಕ್ಕೆ ಎಳೆಯಲ್ಪಡುವುದಿಲ್ಲ. ಪಂಪ್ ಓಡುವಾಗ ಅಲ್ಲಿಂದ ಸ್ವಲ್ಪ ನೀರು ಚಿಮ್ಮುತ್ತದೆ, ಅದು ಟ್ಯಾಂಕ್‌ನೊಳಗೇ ಬೀಳುತ್ತದೆ. ದಯವಿಟ್ಟು ಯಾರೂ ಅದನ್ನು ಸೋರಿಕೆಯೆಂದು ಮುಚ್ಚಿಸಬೇಡಿ.

ಆ ರಾತ್ರಿ ವಾಲ್ವ್ ಮುಚ್ಚಿ ನಿಂತಾಗಲೇ ನನಗೆ ಇನ್ನೊಂದು ಪ್ರಶ್ನೆ ಹೊಳೆಯಿತು. ಮೂರು ಗಂಟೆಯಲ್ಲಿ 600 ಲೀಟರ್ ಸಂಪ್‌ಗೆ ಬರುತ್ತಿದ್ದರೆ ಸಂಪ್‌ನ ಮಟ್ಟ ಒಂದೂವರೆ ಸೆಂಟಿಮೀಟರ್ ಏರಬೇಕಿತ್ತು. ಏರದೆ ನಿಂತಿತ್ತೆಂದರೆ, ಅಷ್ಟೇ ನೀರು ಸಂಪ್‌ನಿಂದ ಹೊರಗೆ ಹೋಗುತ್ತಿತ್ತು ಎಂದರ್ಥ. ಬರುವುದೂ ಹೋಗುವುದೂ ಸಮವಾಗಿದ್ದರಿಂದ ಸಂಪ್ ಸರಿಯಾಗಿರುವಂತೆ ಕಂಡಿತ್ತು. ಮರುದಿನ ರಾತ್ರಿ ನಾಲ್ಕೂ ಬ್ಲಾಕ್‌ಗಳ ಲೈನ್‌ಗಳನ್ನು ಮುಚ್ಚಿ ಅಳೆದೆವು. ಸಿ ಬ್ಲಾಕ್ ಟ್ಯಾಂಕ್ ಉಳಿದವುಗಳಂತೆ ಎರಡೇ ಸೆಂಟಿಮೀಟರ್ ಇಳಿಯಿತು, ಸಂಪ್ ಒಂದೂವರೆ ಸೆಂಟಿಮೀಟರ್ ಇಳಿಯಿತು. ದಿನಕ್ಕೆ ಲೆಕ್ಕ ಹಾಕಿದರೆ ಸುಮಾರು 4,800 ಲೀಟರ್, ಅಂದರೆ ಮುಕ್ಕಾಲು ಟ್ಯಾಂಕರ್‌ಗಿಂತ ಹೆಚ್ಚು, ಮಣ್ಣು ಪಾಲಾಗುತ್ತಿತ್ತು.

ಮತ್ತೆ ನೆಲ ಅಗೆಯಬೇಕೆಂದು ಒತ್ತಾಯ ಬಂದಿತು, ನಾನು ಒಪ್ಪಲಿಲ್ಲ. ಬೇರೆ ಬೇರೆ ಮಟ್ಟಗಳಲ್ಲಿ ಸಂಪ್ ಅನ್ನು ನಿಲ್ಲಿಸಿ ಮತ್ತೆರಡು ರಾತ್ರಿ ಅಳೆದೆ. ನೀರು ನೆಲದಿಂದ 2.4 ಮೀಟರ್ ಇದ್ದಾಗ ಇಳಿತ ಒಂದೂವರೆ ಸೆಂಟಿಮೀಟರ್ ಇತ್ತು. 2 ಮೀಟರ್ ಇದ್ದಾಗ ಅದು ಒಂದು ಸೆಂಟಿಮೀಟರ್‌ಗೆ ಬಂತು. 1.6 ಮೀಟರ್‌ಗೆ ಇಳಿಸಿದಾಗ ಮಟ್ಟ ಬೆಳಗಿನವರೆಗೂ ಅಲುಗಲಿಲ್ಲ. ನೆಲದಲ್ಲಿ ತೂತಿದ್ದರೆ ಕಡಿಮೆ ನೀರಿದ್ದಾಗಲೂ ಸೋರಲೇಬೇಕು. ಹಾಗಾದರೆ ತೂತು ಗೋಡೆಯಲ್ಲಿ, 1.6 ಮತ್ತು 2 ಮೀಟರ್‌ಗಳ ನಡುವೆ ಇದೆ. ಏಜೆನ್ಸಿಯವರು ಅರ್ಧ ತುಂಬಿಸಿ ನೋಡಿದಾಗ ನೀರು ಆ ಎತ್ತರವನ್ನು ಮುಟ್ಟಿಯೇ ಇರಲಿಲ್ಲ.

ದುರಸ್ತಿಗೆ ಕಾಯದೆ ಅಂದೇ ಸಂಪ್‌ನ ಬಾಲ್ ವಾಲ್ವ್‌ನ ಎತ್ತರವನ್ನು 1.6 ಮೀಟರ್‌ಗೆ ಇಳಿಸಿದೆವು. ಒಂದು ಪೈಸೆ ಖರ್ಚಿಲ್ಲದೆ ಸೋರಿಕೆ ನಿಂತಿತು, ಸಂಗ್ರಹ ಮಾತ್ರ ಕಡಿಮೆಯಾಯಿತು. ಆ ವಾರವೇ ಟ್ಯಾಂಕರ್‌ಗಳ ಸಂಖ್ಯೆ ಇಳಿದದ್ದನ್ನು ಗೇಟ್‌ನ ರಿಜಿಸ್ಟರ್‌ನಲ್ಲಿ ನೋಡಿದ ಮೇಲೆ ಸಮಿತಿಯಲ್ಲಿ ವಿರೋಧ ಉಳಿಯಲಿಲ್ಲ. ಬಳಿಕ ನೀರು ಇಳಿಸಿ, ಬೆಳಕು ಹಿಡಿದು ಆ ಪಟ್ಟಿಯಷ್ಟೇ ಗೋಡೆಯನ್ನು ನೋಡಿದಾಗ, ಸುಮಾರು 1.7 ಮೀಟರ್ ಎತ್ತರದಲ್ಲಿ, ಕಟ್ಟಡ ಕಟ್ಟುವಾಗ ಯಾವುದೋ ಪೈಪ್‌ಗೆಂದು ಬಿಟ್ಟು ಆಮೇಲೆ ಗಾರೆಯಿಂದ ಮುಚ್ಚಿದ ಸ್ಲೀವ್ ಒಂದು ಕಾಣಿಸಿತು. ಗಾರೆಯ ಸುತ್ತ ಉಗುರು ತೂರುವಷ್ಟು ಸಂದು ಬಿಟ್ಟಿತ್ತು. ಅದನ್ನು ಕೊರೆದು ತೆಗೆದು, ಬೇಗ ಗಟ್ಟಿಯಾಗುವ ಸಿಮೆಂಟ್ ಮತ್ತು ಕುಗ್ಗದ ಗ್ರೌಟ್ ತುಂಬಿಸಿ, ಕುಡಿಯುವ ನೀರಿಗೆ ತಕ್ಕ ಲೇಪನ ಕೊಡಿಸಿದೆವು. ನಾನ್ ರಿಟರ್ನ್ ವಾಲ್ವ್ ಸೇರಿ ಒಟ್ಟು ಖರ್ಚು ಹದಿನೈದು ಟ್ಯಾಂಕರ್‌ಗಳ ಬೆಲೆಯಷ್ಟು, ನೆಲಕ್ಕೆ ಸುರಿದ ಹಣದ ಹನ್ನೆರಡನೇ ಒಂದು ಪಾಲು. ನೀರು ಹೊರಹೋಗುವ ಸಂದಿನಿಂದ ಮಳೆಗಾಲದಲ್ಲಿ ಹೊರಗಿನ ಕೊಳೆನೀರು ಒಳಬರಲೂಬಹುದಾದ್ದರಿಂದ ಸಂಪ್ ತೊಳೆಸಿ ನೀರಿನ ಪರೀಕ್ಷೆಯನ್ನೂ ಮಾಡಿಸಿದೆವು. ವರದಿ ಕಚೇರಿಯ ಕಡತದಲ್ಲಿದೆ.

ಈಗ ದಿನಕ್ಕೆ ಮೂರು ಟ್ಯಾಂಕರ್ ಸಾಕಾಗುತ್ತಿವೆ, ಕೆಲವು ದಿನ ಅದಕ್ಕೂ ಕಡಿಮೆ. ಟ್ಯಾಂಕರ್ ಬಿಲ್ಲಿನಲ್ಲಿ ನಾಲ್ಕನೇ ಒಂದು ಭಾಗ ಇಳಿದಿರುವುದು ನನಗೆ ಈ ಎರಡು ವರ್ಷಗಳಲ್ಲಿ ಅತ್ಯಂತ ಹೆಮ್ಮೆಯ ವಿಷಯ. ಈ ವಿಧಾನಕ್ಕೆ ಮಿತಿಯೂ ಇದೆ. ಮನೆಗಳ ಒಳಗಿನ ಸಣ್ಣ ಸೋರಿಕೆ ರಾತ್ರಿಯ ಸಹಜ ಬಳಕೆಯಲ್ಲಿ ಮರೆಯಾಗುತ್ತದೆ. ಹಬ್ಬದ ಹಿಂದಿನ ರಾತ್ರಿಗಳಲ್ಲಿ ಅಳೆದರೆ ಲೆಕ್ಕ ಹಿಡಿಯಲಾಗುವುದಿಲ್ಲ.

ವಾಲ್ವ್‌ಗಳಿಗೆಲ್ಲ ಸಂಖ್ಯೆಯ ಬಿಲ್ಲೆ ಕಟ್ಟಿಸಿದ್ದೇನೆ. ಡೈರಿ, ಅಳತೆಯ ಕೋಲು ಮತ್ತು ಪಂಪ್ ಕೋಣೆಯ ಎರಡು ಬೀಗದ ಕೈಗಳನ್ನು ಶನಿವಾರ ಸಂಜೆ ಹೊಸ ಕಾರ್ಯದರ್ಶಿಯವರಿಗೆ ಒಪ್ಪಿಸುತ್ತೇನೆ. ಅದೇ ರಾತ್ರಿ ಒಂದು ಗಂಟೆಗೆ ಅವರೊಂದಿಗೆ ಕೊನೆಯ ಬಾರಿ ಅಳೆಯಲಿದ್ದೇವೆ, ಆಸಕ್ತಿಯುಳ್ಳವರು ಟಾರ್ಚ್ ತೆಗೆದುಕೊಂಡು ಸಂಪ್ ಬಳಿ ಬರಬಹುದು. ಒಂದು ಗಂಟೆಯಿಂದ ನಾಲ್ಕೂವರೆಯವರೆಗೆ ಪಂಪ್‌ಗಳು ಓಡುವುದಿಲ್ಲ.