ತೆರಿಗೆ ಮೊತ್ತ ಅಳಿಸಿದ ಬಿಲ್: ಅಂಗಡಿಗೆ ಪತ್ರ ಬರೆಯುವುದು ಹೇಗೆ?

ಪ್ರಾಜೆಕ್ಟ್ ಸಾಮಾನಿನ ಬಿಲ್ಲನ್ನು ಕಾಲೇಜಿನ ಲೆಕ್ಕಪತ್ರ ವಿಭಾಗ ವಾಪಸ್ ಕಳಿಸಲು ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಸಾಲು ಮಸುಕಾಗಿದ್ದರೂ ಸಾಕು. ಆ ಅಂಕಿಯನ್ನು ಪೆನ್ನಿನಿಂದ ತಿದ್ದಬೇಡಿ, ತಿದ್ದಿದ ಬಿಲ್ಲನ್ನು ಯಾರೂ ನಂಬುವುದಿಲ್ಲ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ: ಥರ್ಮಲ್ ಕಾಗದ ಬಿಸಿಗೆ ಪೂರ್ತಿ ಕಪ್ಪಾಗುತ್ತದೆ. ಮೊದಲು ಫೋಟೊ ತೆಗೆದಿಟ್ಟುಕೊಳ್ಳಿ.

ಹೆಚ್ಚಿನವರು ಎಡವುವುದು ಪತ್ರದಲ್ಲಿ ಕೇಳುವ ಮಾತಿನಲ್ಲೇ. ‘ಹೊಸ ಬಿಲ್ ಕೊಡಿ’ ಎಂದು ಬರೆದರೆ ಅಂಗಡಿಯವರು ಒಪ್ಪುವುದಿಲ್ಲ. ಹೊಸ ಬಿಲ್ ಹಾಕಿದರೆ ಹೊಸ ಸಂಖ್ಯೆ, ಹೊಸ ದಿನಾಂಕ ಬರುತ್ತದೆ, ಒಂದೇ ಮಾರಾಟ ಲೆಕ್ಕದಲ್ಲಿ ಎರಡು ಸಲ ಕೂರುತ್ತದೆ, ತೆರಿಗೆಯೂ ಎರಡು ಸಲ. ನೀವು ಕೇಳಬೇಕಾದ್ದು ಅದೇ ಸಂಖ್ಯೆ, ಅದೇ ದಿನಾಂಕದ ಬಿಲ್ಲಿನ ನಕಲು ಪ್ರತಿ. ಜತೆಗೆ ಕಾಲೇಜಿನ ಹೆಸರು ಸೇರಿಸಿಕೊಡಿ ಎಂದು ಕೇಳಬೇಡಿ, ಅದು ನಕಲಲ್ಲ, ತಿದ್ದುಪಡಿ.

ಮಂಡಿಪೇಟೆಯ ಅಂಗಡಿಯೊಂದಕ್ಕೆ ಬರೆಯುವುದಾದರೆ ಒಕ್ಕಣೆ ಹೀಗಿರಲಿ:

ಮಾಲೀಕರಿಗೆ,
ವಿಷಯ: ಬಿಲ್ ಸಂಖ್ಯೆ 1047ರ ನಕಲು ಪ್ರತಿ ಕೋರಿ.
ಮಾನ್ಯರೇ,
12-6-2025ರಂದು ತಮ್ಮಲ್ಲಿ ಎರಡು ಮೋಟಾರು, ಒಂದು ಕಂಟ್ರೋಲರ್ ಬೋರ್ಡ್ ಕೊಂಡು 2,360 ರೂಪಾಯಿಯನ್ನು ಯುಪಿಐ ಮೂಲಕ ಪಾವತಿಸಿದ್ದೇನೆ. ಬಿಲ್ಲಿನಲ್ಲಿ ತೆರಿಗೆ ಮೊತ್ತ ಅಳಿಸಿಹೋಗಿದ್ದು, ಉಳಿದ ವಿವರಗಳು ಓದಲು ಬರುತ್ತವೆ. ದಯವಿಟ್ಟು ಅದೇ ಸಂಖ್ಯೆ ಮತ್ತು ದಿನಾಂಕದ ಬಿಲ್ಲನ್ನು ‘ನಕಲು’ ಎಂದು ನಮೂದಿಸಿ, ಸಹಿ, ಮೊಹರಿನೊಂದಿಗೆ ಕೊಡಬೇಕಾಗಿ ವಿನಂತಿ. ಮೂಲ ಬಿಲ್ಲಿನ ಜೆರಾಕ್ಸ್ ಲಗತ್ತಿಸಿದ್ದೇನೆ.

ಕೆಳಗೆ ಹೆಸರು, ತರಗತಿ, ಫೋನ್ ನಂಬರ್, ಸಹಿ. ಬಿಲ್ ಸಂಖ್ಯೆಯೂ ಅಳಿಸಿದ್ದರೆ ಫೋನಿನಲ್ಲಿರುವ ಯುಪಿಐ ವಹಿವಾಟು ಸಂಖ್ಯೆ, ಹಣ ಕಟ್ಟಿದ ಸಮಯ ಬರೆಯಿರಿ. ಬರೀ ‘ಹೋದ ತಿಂಗಳು’ ಎಂದರೆ ಕಂಪ್ಯೂಟರಿನಲ್ಲಿ ಹುಡುಕುವ ತಾಳ್ಮೆ ಯಾರಿಗಿದೆ?

ಅಳಿಸಿದ ಮೊತ್ತವನ್ನು ನೀವೇ ಊಹಿಸಿ ಪತ್ರದಲ್ಲಿ ಹಾಕಬೇಡಿ. ಎಲ್ಲ ಸಾಮಾನಿಗೂ 18% ದರವಿದ್ದರೆ ಲೆಕ್ಕ ಸುಲಭ: 2,360ನ್ನು 118ರಿಂದ ಭಾಗಿಸಿ 18ರಿಂದ ಗುಣಿಸಿದರೆ 360, ಅಂದರೆ ಸಿಜಿಎಸ್‌ಟಿ 180, ಎಸ್‌ಜಿಎಸ್‌ಟಿ 180. ಆದರೆ ಒಂದೇ ಬಿಲ್ಲಿನಲ್ಲಿ ಬೇರೆ ಬೇರೆ ದರದ ಸಾಮಾನಿದ್ದರೆ ಒಟ್ಟು ಮೊತ್ತದಿಂದ ಈ ಲೆಕ್ಕ ಕೂಡಿಬರುವುದಿಲ್ಲ. ಹಾಗಾಗಿ ಇದು ನಕಲು ಕೈಗೆ ಬಂದಾಗ ತಾಳೆ ನೋಡಲಿಕ್ಕೆ ಮಾತ್ರ. ಗಿರಾಕಿಯಿಂದ ತೆರಿಗೆ ವಸೂಲಿ ಮಾಡದೆ ತಾನೇ ಒಟ್ಟು ವಹಿವಾಟಿನ ಮೇಲೆ ತೆರಿಗೆ ಕಟ್ಟುವ ಕಾಂಪೊಸಿಷನ್ ಯೋಜನೆಯ ಅಂಗಡಿಯಾದರೆ ಬಿಲ್ಲಿನಲ್ಲಿ ತೆರಿಗೆ ಸಾಲೇ ಇರುವುದಿಲ್ಲ, ಪತ್ರ ಬರೆಯುವ ಮುಂಚೆ ಅದನ್ನು ಖಚಿತಪಡಿಸಿಕೊಳ್ಳಿ.

ಪತ್ರ ಕೊಡಲು ಬೆಳಗ್ಗೆ ಅಂಗಡಿ ತೆರೆದ ಹೊತ್ತೇ ಸರಿ, ಸಂಜೆಯ ಗಿರಾಕಿಗಳ ನಡುವೆ ಹೋಗಬೇಡಿ. ನಕಲು ಸಿಕ್ಕ ಕೂಡಲೇ ಕೌಂಟರಿನಲ್ಲೇ ಸಂಖ್ಯೆ, ದಿನಾಂಕ, 29ರಿಂದ ಶುರುವಾಗುವ 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆ ನೋಡಿಕೊಳ್ಳಿ. ಅದೂ ಥರ್ಮಲ್ ಕಾಗದವೇ ಆಗಿದ್ದರೆ ಅಂದೇ ಜೆರಾಕ್ಸ್ ಮಾಡಿಸಿ.