ಟೀ-ಶರ್ಟಿನ ಲೆಕ್ಕದ ಚೀಟಿ: ನನ್ನ ಅನುಭವ

"ಬಟ್ಟೆಗೂ ಲೆಕ್ಕ ಬರೆದಿಡ್ತೀಯೇನೋ?" ಅಂತ ಅಮ್ಮ ಕೇಳಿ ಮೂರು ವರ್ಷವಾಯಿತು. ಬೀರುವಿನ ಬಾಗಿಲಿನ ಒಳಗೆ ಅಂಟಿಸಿದ ಆ ಚೀಟಿ ಇವತ್ತಿಗೂ ಅಲ್ಲೇ ಇದೆ. ಈಗ ಅಪ್ಪನಿಗೆ ಅಂಗಿ ತರುವ ಮೊದಲು ಅಮ್ಮನೇ ನನ್ನನ್ನು ಕೇಳುತ್ತಾರೆ.

ಒಂದು ಬಟ್ಟೆ ಸಲಕ್ಕೆ ಎಷ್ಟು ಬೀಳುತ್ತದೆ ಅಂತ ನೋಡುವ ಚೀಟಿ ಅದು. ಬೆಲೆಯನ್ನು ಎಷ್ಟು ಸಲ ತೊಟ್ಟೆವೋ ಅಷ್ಟರಿಂದ ಭಾಗಿಸುವುದು ಎಲ್ಲರಿಗೂ ಗೊತ್ತು. ನಾನು ಸೋತದ್ದು ಆ 'ಎಷ್ಟು ಸಲ' ಎಂಬಲ್ಲಿ. ಮೊದಲು ಅಂದಾಜಿನಲ್ಲಿ ಬರೆದೆ, ಎಲ್ಲವೂ ನೂರು ಸಲ ಅಂತಲೇ ಅನ್ನಿಸುತ್ತಿತ್ತು. ಆಮೇಲೆ ಮೊಬೈಲಿನಲ್ಲಿ ದಿನಾ ಬರೆಯಲು ಹೋಗಿ ಮೂರೇ ವಾರಕ್ಕೆ ಕೈಬಿಟ್ಟೆ. ಕೊನೆಗೆ ತೊಡುವಾಗ ಎಣಿಸುವುದನ್ನು ನಿಲ್ಲಿಸಿ, ಒಗೆದು ಒಣಗಿದ್ದನ್ನು ಮಡಚಿಡುವಾಗ ಒಂದು ಗೀಟು ಎಳೆಯತೊಡಗಿದೆ. ಟೀ-ಶರ್ಟನ್ನು ಒಂದೇ ಸಲ ತೊಟ್ಟು ಒಗೆಯಲು ಹಾಕುವವನು ನಾನು, ಹಾಗಾಗಿ ಲೆಕ್ಕ ತಪ್ಪಲಿಲ್ಲ. ಮನೆಯೊಳಗೆ ಮಾತ್ರ ಹಾಕುವ ಸ್ಥಿತಿಗೆ ಬಂದ ದಿನ ಗೀಟು ಬಂದ್.

ಆನ್‌ಲೈನ್ ಸೇಲ್‌ನಲ್ಲಿ 600 ರೂಪಾಯಿಗೆ ಮೂರು ತಂದಿದ್ದೆ. ನಾಲ್ಕೈದು ಒಗೆತಕ್ಕೆ ಪಕ್ಕದ ಹೊಲಿಗೆ ತಿರುಚಿಕೊಂಡು ಹೊಟ್ಟೆಯ ಮೇಲೆ ಬಂತು. ಹೆಣೆದ ಬಟ್ಟೆಯಲ್ಲಿ ನೂಲಿನ ಹುರಿ ಬಿಚ್ಚಿಕೊಳ್ಳಲು ನೋಡುತ್ತದೆ, ಅದನ್ನು ಮಿಲ್ಲಿನಲ್ಲೇ ಸರಿಯಾಗಿ ಹದಗೊಳಿಸದಿದ್ದರೆ ಹೀಗಾಗುತ್ತದೆ. ಹದಿನೇಳು ಗೀಟಿನ ಹೊತ್ತಿಗೆ ಕತ್ತಿನ ಪಟ್ಟಿಯೂ ಜೋತುಬಿತ್ತು. ಅಂದರೆ 200 ರೂಪಾಯಿಯ ಒಂದೊಂದಕ್ಕೂ ಸಲಕ್ಕೆ ಸುಮಾರು 12 ರೂಪಾಯಿ.

ಈ 12 ರೂಪಾಯಿಯೇ ನನ್ನ ಅಳತೆಗೋಲಾಯಿತು. 190 ಜಿಎಸ್‌ಎಂನ, ಅಂದರೆ ಚದರ ಮೀಟರಿಗೆ 190 ಗ್ರಾಂ ತೂಗುವ ಗಟ್ಟಿ ಬಟ್ಟೆಯ, 750 ರೂಪಾಯಿಯ ಕಡು ನೀಲಿ ಟೀ-ಶರ್ಟ್ ತಂದಾಗ 750ನ್ನು 12ರಿಂದ ಭಾಗಿಸಿ ಚೀಟಿಯಲ್ಲಿ 63ರ ಹತ್ತಿರ ಅಡ್ಡಗೆರೆ ಎಳೆದೆ. ಅದನ್ನು ದಾಟಿದರೆ ಗೆದ್ದ ಹಾಗೆ. ಈಗ 130ರ ಆಸುಪಾಸಿನಲ್ಲಿದೆ, ಸಲಕ್ಕೆ ಆರು ರೂಪಾಯಿಗಿಂತ ಕಡಿಮೆ. ಹೊಲಿಗೆ ಇನ್ನೂ ನೇರವಾಗಿದೆ.

ಆದರೆ ಗಟ್ಟಿ ಬಟ್ಟೆಯೆಲ್ಲ ಗೆಲ್ಲಲಿಲ್ಲ. 900 ಕೊಟ್ಟು ತಂದ ಸಾಸಿವೆ ಬಣ್ಣದ್ದು ಹೊಸದರಂತೆಯೇ ಇದೆ. ಆ ಬಣ್ಣ ನನಗೆ ಒಗ್ಗದೆ ತೊಟ್ಟದ್ದು ಹನ್ನೊಂದೇ ಸಲ, ಸಲಕ್ಕೆ 82 ರೂಪಾಯಿ. 2,200 ರೂಪಾಯಿಯ ಲಿನನ್ ಅಂಗಿಯದು ಬೇರೆ ಕಥೆ. ನೂರು ಸಲ ತೊಟ್ಟರೆ 22 ರೂಪಾಯಿ ಅಂದುಕೊಂಡಿದ್ದೆ, ಇಸ್ತ್ರಿಯನ್ನು ಮರೆತಿದ್ದೆ. ನಮ್ಮ ಬೀದಿಯಲ್ಲಿ ಒಂದಕ್ಕೆ ಹತ್ತು ರೂಪಾಯಿ. ನೂರು ಸಲಕ್ಕೆ ಅದೇ ಸಾವಿರವಾಗುತ್ತದೆ, ಅಂಗಿಯ ಬೆಲೆಯ ಹತ್ತಿರ ಹತ್ತಿರ ಅರ್ಧ. ಅಂದಿನಿಂದ ಇಸ್ತ್ರಿ ಬೇಡುವ ಬಟ್ಟೆಗೆ ಮೊದಲೇ ಸಲಕ್ಕೆ ಹತ್ತು ಕೂಡಿಸುತ್ತೇನೆ.

ನಡುವೆ ಇನ್ನೊಂದನ್ನೂ ನೋಡಿದೆ. ಒಂದೇ ಥರದ ಎರಡು ಕಪ್ಪು ಟೀ-ಶರ್ಟ್‌ಗಳಲ್ಲಿ ಒಂದನ್ನು ಒಳಮೈ ಹೊರಗೆ ಮಾಡಿ ಒಗೆದು ನೆರಳಲ್ಲಿ ಹಾಕಿದೆ, ಇನ್ನೊಂದನ್ನು ಹಾಗೇ ಬಿಸಿಲಿಗೆ. ಇಪ್ಪತ್ತೈದು ಗೀಟಿಗೆ ಬಿಸಿಲಿನದು ಹೆಗಲ ಮೇಲೆ ಬೂದುಬಣ್ಣಕ್ಕೆ ತಿರುಗಿತು.

ನೀಲಿ ಟೀ-ಶರ್ಟ್ ಸಿಕ್ಕ ಅಂಗಡಿಯ ವಿಳಾಸವನ್ನು ಮಾತ್ರ ಹೇಳುವುದಿಲ್ಲ. ತಿರುಪ್ಪೂರಿನ ರಫ್ತಿನ ಮಾಲಿನಲ್ಲಿ ಉಳಿದದ್ದು ಅಲ್ಲಿಗೆ ಬರುತ್ತದೆ, ನನ್ನ ಅಳತೆಯದು ಬರುವುದೇ ಕಡಿಮೆ.